ಕಂಪ್ಯೂಟರ್ ಕ್ಲಬ್ ಸಭೆಯ ಭಾಷಣ

ಮಾನ್ಯ ಉಪನ್ಯಾಸಕರೇ, ಗೆಳೆಯ ಗೆಳತಿಯರೇ,

ವಿದ್ಯಾರ್ಥಿವೇತನದ ಅರ್ಜಿಯಿಂದ ಇನ್‌ಸ್ಟಾಗ್ರಾಮ್‌ವರೆಗೆ ನಮ್ಮ ಬಹುತೇಕ ಖಾತೆಗಳು ಒಂದೇ ಇಮೇಲ್‌ಗೆ ಜೋಡಣೆಯಾಗಿರುವುದರಿಂದ, ಆ ಇಮೇಲ್ ಕಳ್ಳರ ಕೈಸೇರಿದರೆ ಉಳಿದ ಪಾಸ್‌ವರ್ಡ್‌ಗಳನ್ನೂ ಅವರು ಅಲ್ಲಿಂದಲೇ ಬದಲಿಸಬಲ್ಲರು. ಆದ್ದರಿಂದ ಇಮೇಲ್‌ಗೆ ಬೇರೆಲ್ಲೂ ಬಳಸದ, ಉದ್ದನೆಯ ಪಾಸ್‌ವರ್ಡ್ ಇಟ್ಟು, ಎರಡು ಹಂತದ ದೃಢೀಕರಣವನ್ನು ಇಂದೇ ಆನ್ ಮಾಡಿಕೊಳ್ಳಬೇಕೆಂದು ಕೋರುತ್ತೇನೆ. ಹುಟ್ಟಿದ ದಿನಾಂಕವನ್ನೇ ಪಾಸ್‌ವರ್ಡ್ ಮಾಡಿಕೊಂಡವರು ಈ ಸಭೆಯಲ್ಲೂ ಇರಬಹುದು, ಕೈ ಎತ್ತಬೇಕಾಗಿಲ್ಲ.

ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಡೆಯುವ ನೆಪದಲ್ಲಿ ಯಾರಾದರೂ ಪಿನ್ ಒತ್ತಿಸಿದರೆ ಹಣ ಹೋಗುವುದು ನಮ್ಮ ಖಾತೆಯಿಂದಲೇ. ಮದುವೆಯ ಆಮಂತ್ರಣವೆಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲನ್ನು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲನ್ನು, ತೆರೆಯಬೇಡಿ. ವಂಚನೆಯಾದರೆ ನಾಚಿಕೆಯಿಂದ ಕಾಲ ಕಳೆಯದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಸಭೆಯ ನಂತರ ಲ್ಯಾಬ್ ತೆರೆದಿರುತ್ತದೆ. ಸೆಟ್ಟಿಂಗ್ ಬದಲಿಸಲು ನೆರವು ಬೇಕಾದವರು ಮೊಬೈಲ್ ಸಹಿತ ಅಲ್ಲಿಗೆ ಬನ್ನಿ.