ಆಫರ್ ಬಂತು, ಈಗ ಮಾತಾಡಿ: ಒಂದರಿಂದ ಮೂರು ವರ್ಷ ಅನುಭವದ ಎಂಜಿನಿಯರುಗಳಿಗೆ ಸಂಬಳದ ಚೌಕಾಸಿ

ಸ್ಲೈಡ್ 1: ನಾವು ಹಿಡಿದುಕೊಳ್ಳುವ ಉದಾಹರಣೆ

ಬೆಂಗಳೂರಿನ ಬ್ಯಾಕೆಂಡ್ ಡೆವಲಪರ್, ಎರಡೂವರೆ ವರ್ಷ ಅನುಭವ. ಈಗಿನ ಸಿಟಿಸಿ 6.8 ಲಕ್ಷ, ತಿಂಗಳ ಗ್ರಾಸ್ 50,000, ನೋಟಿಸ್ ಪೀರಿಯಡ್ 90 ದಿನ. ಹೊಸ ಕಂಪನಿಯ ಆಫರ್: ಸಿಟಿಸಿ 11 ಲಕ್ಷ. ಮುಂದಿನ ಎಲ್ಲ ಲೆಕ್ಕವೂ ಈ ಆಫರಿನದ್ದೇ.

ಸ್ಲೈಡ್ 2: ಸಿಟಿಸಿಯನ್ನು ಬಿಡಿಸಿ ನೋಡಿ

- ತಿಂಗಳ ಸಂಬಳದ ಭಾಗ (ವರ್ಷಕ್ಕೆ): 9,40,000
- ವೇರಿಯಬಲ್: 1,00,000
- ಕಂಪನಿ ಕಟ್ಟುವ ಪಿಎಫ್ (ತಿಂಗಳಿಗೆ 1,800): 21,600
- ಗ್ರಾಚ್ಯುಟಿ (ಬೇಸಿಕ್ 4,80,000ದ ಶೇ 4.81): 23,088
- ವಿಮೆ ಪ್ರೀಮಿಯಂ: 15,312

11 ಲಕ್ಷವನ್ನು 12ರಿಂದ ಭಾಗಿಸಿದರೆ 91,667. ಕೈಗೆ ಬರುವುದು ಅಷ್ಟಲ್ಲ. ಮೊದಲ ಸಾಲಿನ 9,40,000ವನ್ನು 12ರಿಂದ ಭಾಗಿಸಿದರೆ 78,333. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹೋಗಿ ಸುಮಾರು 76,300 ಉಳಿಯುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ 12 ಲಕ್ಷದೊಳಗೇ ಇರುವುದರಿಂದ ಇಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ.

ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ ಐದು ವರ್ಷ ಸೇವೆ ಬೇಕು. ಎರಡು ವರ್ಷಕ್ಕೆ ಬಿಡುವವರಿಗೆ ಅದು ಹಾಳೆಯ ಮೇಲಿನ ಹಣ, ಅಷ್ಟೇ.

ಹೀಗೆ ಕೇಳಿ: "ಮೇಡಂ, ಸ್ಯಾಲರಿ ಬ್ರೇಕಪ್ ಶೀಟ್ ಕಳಿಸ್ತೀರಾ? ಕಳೆದ ಎರಡು ವರ್ಷ ಈ ಲೆವೆಲ್‌ನವರಿಗೆ ವೇರಿಯಬಲ್ ಶೇಕಡಾ ಎಷ್ಟು ಕೊಟ್ಟಿದ್ದೀರಿ?"

ಎಡವುವ ಜಾಗ: 'ಫಿಕ್ಸೆಡ್' ಅಂದರೆ ಕೆಲವು ಕಂಪನಿಗಳ ಲೆಕ್ಕದಲ್ಲಿ ಪಿಎಫ್, ಗ್ರಾಚ್ಯುಟಿಯೂ ಸೇರಿದ ಮೊತ್ತ. ನೀವೊಂದು ಅರ್ಥದಲ್ಲಿ, ಅವರೊಂದು ಅರ್ಥದಲ್ಲಿ ಒಪ್ಪಿಕೊಂಡರೆ ಮೊದಲ ತಿಂಗಳ ಪೇಸ್ಲಿಪ್‌ನಲ್ಲಿ ಗೊತ್ತಾಗುತ್ತದೆ.

ಸ್ಲೈಡ್ 3: ಫೋನ್ ಎತ್ತುವ ಮೊದಲು ಮೂರು ಅಂಕಿ ಬರೆದಿಡಿ

ಕೇಳುವುದು 10.8 ಲಕ್ಷ, ಸಿಕ್ಕರೆ ಸಂತೋಷ 10.2, ಇದಕ್ಕಿಂತ ಕೆಳಗಾದರೆ ಬೇಡ 9.9. ಮೂರೂ ಸ್ಲೈಡ್ 2ರ ಮೊದಲ ಸಾಲಿಗೆ ಸೇರಿದವು, ಸಿಟಿಸಿಗಲ್ಲ. ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ನೋಡಿ. ಆದರೆ ಅಲ್ಲಿನ ಅಂಕಿ ಎಷ್ಟು ಹಳೆಯದು, ವೇರಿಯಬಲ್ ಸೇರಿದೆಯೋ ಇಲ್ಲವೋ ಎಂದು ಗಮನಿಸಿ. ಅದೇ ಕಂಪನಿಯಲ್ಲಿರುವ ಕಾಲೇಜಿನ ಸೀನಿಯರ್‌ಗೆ ಒಂದು ಫೋನ್ ಮಾಡುವುದು ಇವೆರಡಕ್ಕಿಂತ ಮೇಲು:

"ಅಣ್ಣಾ, ನಿಮ್ಮ ಸಂಬಳ ಹೇಳೋದು ಬೇಡ. ಎರಡೂವರೆ ವರ್ಷದವರಿಗೆ ಅಲ್ಲಿ ಹತ್ತು ಲಕ್ಷ ಫಿಕ್ಸೆಡ್ ಕೇಳಿದ್ರೆ ಜಾಸ್ತಿ ಆಯ್ತು ಅಂತಾರಾ, ಕಮ್ಮಿ ಆಯ್ತು ಅಂತಾರಾ?"

ಸ್ಲೈಡ್ 4: 'ಎಕ್ಸ್‌ಪೆಕ್ಟೆಡ್ ಎಷ್ಟು?' ಎಂಬ ಪ್ರಶ್ನೆಯನ್ನು ಒಮ್ಮೆ ಮುಂದೂಡಿ

"ಕೆಲಸ ಏನು, ಲೆವೆಲ್ ಯಾವುದು ಅಂತ ಇಂಟರ್‌ವ್ಯೂನಲ್ಲಿ ತಿಳಿದ ಮೇಲೆ ಹೇಳಿದ್ರೆ ಸರಿಯಾಗತ್ತೆ. ಈ ಹುದ್ದೆಗೆ ನಿಮ್ಮ ಬಜೆಟ್ ಎಷ್ಟಿದೆ ಸರ್?"

ಎರಡನೇ ಸಲ ಕೇಳಿದರೆ ಅಂಕಿ ಹೇಳಿಬಿಡಿ. ಮೂರನೇ ಸಲವೂ ಜಾರಿಕೊಂಡರೆ ರೆಕ್ರೂಟರ್ ಮುಂದಿನ ಅಭ್ಯರ್ಥಿಗೆ ಹೋಗುತ್ತಾರೆ. "10ರಿಂದ 12" ಎಂದು ರೇಂಜ್ ಕೊಡಬೇಡಿ. ಅವರು ಬರೆದುಕೊಳ್ಳುವುದು 10 ಮಾತ್ರ.

ಈಗಿನ ಸಂಬಳವನ್ನು ಏರಿಸಿ ಹೇಳುವ ಚಾಳಿ ಬಿಡಿ. ಸೇರುವ ಮೊದಲು ಮೂರು ತಿಂಗಳ ಪೇಸ್ಲಿಪ್, ಕೆಲವೊಮ್ಮೆ ಫಾರ್ಮ್ 16 ಕೇಳುತ್ತಾರೆ. ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಆಫರ್ ರದ್ದು, ಅಷ್ಟರಲ್ಲಿ ಹಳೆಯ ಕಡೆ ಪೇಪರ್ ಹಾಕಿಯೂ ಆಗಿರುತ್ತದೆ. ನಿಜ ಹೇಳಿ, ಅದನ್ನು ಬೇರೆ ಮಾಡಿ:

"ಈಗ 6.8 ಇದೆ. ಅದು ಕ್ಯಾಂಪಸ್‌ನಿಂದ ಸೇರಿದಾಗಿನ ಪ್ಯಾಕೇಜ್ ಮೇಲೆ ಬೆಳೆದದ್ದು. ನಾನು ಕೇಳ್ತಿರೋದು ಈ ಹುದ್ದೆಯ ಕೆಲಸಕ್ಕೆ ತಕ್ಕ ಸಂಬಳ."

ಸ್ಲೈಡ್ 5: ಫೋನಿನಲ್ಲೇ ಒಪ್ಪಬೇಡಿ

"ತುಂಬಾ ಖುಷಿಯಾಯ್ತು, ಥ್ಯಾಂಕ್ಸ್ ಮೇಡಂ. ವಿವರ ಮೇಲ್ ಮಾಡಿ, ನೋಡಿ ಗುರುವಾರ ಸಂಜೆಯೊಳಗೆ ಹೇಳ್ತೀನಿ."

ಎರಡು ದಿನ ಸಾಕು. ದಿನ ಹೆಸರಿಸಿ ಹೇಳಿ, ಆ ದಿನ ತಪ್ಪಿಸಬೇಡಿ.

ಸ್ಲೈಡ್ 6: ಒಂದು ಅಂಕಿ, ಒಂದು ಕಾರಣ, ಆಮೇಲೆ ಸುಮ್ಮನಿರಿ

ಇಡೀ ಚೌಕಾಸಿಯ ತಿರುಳು ಇಲ್ಲಿದೆ. ಮನೆ ಬಾಡಿಗೆ, ತಂಗಿಯ ಮದುವೆ, ಎಜುಕೇಶನ್ ಲೋನ್ ಕಾರಣವಾಗುವುದಿಲ್ಲ. ಎಚ್‌ಆರ್ ನಿಮ್ಮ ಪರವಾಗಿ ಮ್ಯಾನೇಜರ್ ಬಳಿ ಅನುಮತಿ ಕೇಳಬೇಕು. ಅಲ್ಲಿ ಹೇಳಲು ಬರುವಂಥ ಒಂದು ವಾಕ್ಯವನ್ನು ನೀವೇ ಕೊಡಿ.

> ನಮಸ್ಕಾರ ಮೇಡಂ,
> ಆಫರ್‌ಗೆ ಧನ್ಯವಾದಗಳು. ತಂಡವೂ ಕೆಲಸವೂ ನನಗೆ ಹಿಡಿಸಿವೆ. ಈ ಹುದ್ದೆಯಲ್ಲಿ ತಿಂಗಳಿಗೊಂದು ವಾರ ಆನ್-ಕಾಲ್ ಇದೆ ಎಂದು ಇಂಟರ್‌ವ್ಯೂನಲ್ಲಿ ತಿಳಿಸಿದ್ದರು. ಈಗಿನ ಕಂಪನಿಯಲ್ಲಿ ಪೇಮೆಂಟ್ ಸರ್ವೀಸನ್ನು ಆನ್-ಕಾಲ್ ಸಮೇತ ಒಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಬಿಟ್ಟು ಫಿಕ್ಸೆಡ್ 10.8 ಲಕ್ಷ ಮಾಡಿಕೊಡಲು ಕೋರುತ್ತೇನೆ. ಇದು ಆದರೆ ಅಂದೇ ಸಹಿ ಮಾಡಿ ಕಳಿಸುತ್ತೇನೆ.

9.4ರಿಂದ 10.8 ಎಂದರೆ ಸುಮಾರು ಶೇ 15 ಹೆಚ್ಚಳ. ಕಾರಣ ಗಟ್ಟಿಯಿದ್ದರೆ ಇಷ್ಟು ಕೇಳಿದ್ದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಕೊನೆಯ ವಾಕ್ಯವನ್ನು ನಿಜವಾಗಿ ಸೇರುವ ಮನಸ್ಸಿದ್ದರೆ ಮಾತ್ರ ಬರೆಯಿರಿ.

ಫೋನಿನಲ್ಲಿ ಹೇಳುವುದಾದರೆ ಅಂಕಿ ಹೇಳಿದ ಮೇಲೆ ಬಾಯಿ ಬಿಗಿಹಿಡಿಯಿರಿ. ಆ ಕಡೆಯಿಂದ ಹತ್ತು ಸೆಕೆಂಡ್ ಸದ್ದಿಲ್ಲದಿದ್ದರೆ "ಪರವಾಗಿಲ್ಲ ಮೇಡಂ, 10 ಆದ್ರೂ ಓಕೆ" ಎಂದು ತಾವೇ ಇಳಿಯುವವರೇ ಹೆಚ್ಚು.

ಸ್ಲೈಡ್ 7: 'ಬ್ಯಾಂಡ್ ಇಷ್ಟೇ' ಎಂದರೆ ಬೇರೆ ಖಾತೆಯಿಂದ ಕೇಳಿ

ಬ್ಯಾಂಡ್ ಮೀರಲು ಅವರಿಗೂ ಆಗದೇ ಇರಬಹುದು. ಆದರೆ ಒಂದೇ ಸಲ ಕೊಡುವ ಹಣಕ್ಕೆ ಆ ಮಿತಿ ಅಷ್ಟಾಗಿ ಅಡ್ಡ ಬರುವುದಿಲ್ಲ.

"ಫಿಕ್ಸೆಡ್ 10ರ ಮೇಲೆ ಆಗಲ್ಲ ಅಂದ್ರಿ, ಸರಿ. ಒಂದು ಲಕ್ಷ ಜಾಯ್ನಿಂಗ್ ಬೋನಸ್ ಮತ್ತು ನೋಟಿಸ್ ಬೈಔಟ್ ಕೊಡೋಕೆ ಆಗತ್ತಾ?"

ಬೈಔಟ್ ಲೆಕ್ಕ: ಅವರಿಗೆ 45 ದಿನದಲ್ಲಿ ಬೇಕು, ನಿಮ್ಮದು 90 ದಿನ. ಉಳಿದ 45 ದಿನಕ್ಕೆ ಹಳೆಯ ಕಂಪನಿ ಗ್ರಾಸ್ ಮೇಲೆ ವಸೂಲಿ ಮಾಡಿದರೆ 75,000. ಬೇಸಿಕ್ (25,000) ಮೇಲಾದರೆ 37,500. ಯಾವುದರ ಮೇಲೆ ಎಂದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ನೋಡಿ. ಜೊತೆಗೆ, ದಿನ ಕಡಿಮೆ ಮಾಡಲು ಹಳೆಯ ಮ್ಯಾನೇಜರ್ ಒಪ್ಪಬೇಕೆಂಬ ಷರತ್ತಿದೆಯೇ ಎಂದೂ ನೋಡಿ. ಇದ್ದರೆ ದುಡ್ಡು ಕಟ್ಟುತ್ತೇನೆಂದರೂ ಬಿಡದೇ ಇರಬಹುದು.

ಜಾಯ್ನಿಂಗ್ ಬೋನಸ್‌ಗೆ ವಾಪಸಾತಿ ಷರತ್ತು ಇದ್ದೇ ಇರುತ್ತದೆ, ಸಾಮಾನ್ಯವಾಗಿ ಒಂದು ವರ್ಷ. ಕೇಳಿ: "ಎಂಟು ತಿಂಗಳಿಗೆ ಬಿಟ್ರೆ ಪೂರ್ತಿ ವಾಪಸ್ಸಾ, ಉಳಿದ ತಿಂಗಳಿಗೆ ಮಾತ್ರವಾ?"

ಸ್ಲೈಡ್ 8: ಷೇರನ್ನು ಸಂಬಳವೆಂದು ಎಣಿಸಬೇಡಿ

ನಾಲ್ಕು ವರ್ಷಕ್ಕೆ ಹಂಚಿ, ಮೊದಲ ವರ್ಷ ಮುಗಿಯುವವರೆಗೆ ಏನೂ ಕೈಗೆ ಸಿಗದಂತಿಡುವುದು ರೂಢಿ. ಲಿಸ್ಟ್ ಆಗದ ಸ್ಟಾರ್ಟಪ್ ಆದರೆ: "ಎಕ್ಸರ್‌ಸೈಸ್ ಬೆಲೆ ಎಷ್ಟು? ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು?"

ಸ್ಲೈಡ್ 9: ಇನ್ನೊಂದು ಆಫರ್ ಕೈಯಲ್ಲಿದ್ದರೆ ಮಾತ್ರ ಹೇಳಿ

"ಇನ್ನೊಂದು ಕಡೆಯಿಂದ ಫಿಕ್ಸೆಡ್ 10.5ರ ಲೆಟರ್ ಬಂದಿದೆ. ನನಗೆ ಇಲ್ಲಿನ ಕೆಲಸವೇ ಇಷ್ಟ. ಅದರ ಹತ್ತಿರ ಬಂದ್ರೆ ಅವರಿಗೆ ಇಲ್ಲ ಅಂತೀನಿ."

ಲೆಟರ್ ತೋರಿಸಿ ಎನ್ನುವವರಿದ್ದಾರೆ. ಇಲ್ಲದ್ದನ್ನು ಇದೆ ಎಂದರೆ ಅಲ್ಲಿಗೆ ಮಾತು ಮುಗಿಯಿತು. 90 ದಿನದ ನೋಟಿಸ್ ಉದ್ದಕ್ಕೂ ಆಫರ್ ಬೇಟೆ ಆಡಿ ಕೊನೆಯ ವಾರ ಕೈಕೊಡುವವರು ಹೆಚ್ಚಾಗಿರುವುದರಿಂದ ಎಚ್‌ಆರ್‌ಗಳು ಈಗ ಈ ಮಾತನ್ನು ಅನುಮಾನದಿಂದಲೇ ಕೇಳುತ್ತಾರೆ. ಒಮ್ಮೆ ಹೇಳಿ ಸಾಕು.

ಸ್ಲೈಡ್ 10: ಹೊಸ ಲೆಟರ್ ಬರುವವರೆಗೆ ಪೇಪರ್ ಹಾಕಬೇಡಿ

"ಆಯ್ತು, 10.2 ಮಾಡಿಸ್ತೀನಿ, ನೀವು ಅಲ್ಲಿ ರಿಸೈನ್ ಮಾಡಿ" ಎಂದು ಫೋನಿನಲ್ಲಿ ಹೇಳಿದ್ದು ಲೆಟರ್ ಅಲ್ಲ. ಉತ್ತರ:

"ತಿದ್ದಿದ ಆಫರ್ ಲೆಟರ್ ಕಳಿಸಿ ಸರ್. ಬಂದ ದಿನವೇ ಸಹಿ ಮಾಡ್ತೀನಿ, ಮರುದಿನ ರಿಸೈನ್ ಮಾಡ್ತೀನಿ."

ಲೆಟರ್ ಬಂದ ಮೇಲೆ ಹುದ್ದೆಯ ಹೆಸರು, ಫಿಕ್ಸೆಡ್, ವೇರಿಯಬಲ್, ಬೋನಸ್ ಷರತ್ತು, ಬೈಔಟ್ ಮಿತಿ, ಸೇರುವ ದಿನ, ಹೊಸ ನೋಟಿಸ್ ಪೀರಿಯಡ್ ಒಂದೊಂದನ್ನೂ ಹಿಂದಿನ ಮೇಲ್ ಜೊತೆ ತಾಳೆ ನೋಡಿ. ಬೈಔಟ್ ಮೇಲ್‌ನಲ್ಲಿದ್ದು ಲೆಟರ್‌ನಲ್ಲಿ ಬಿಟ್ಟುಹೋಗಿದ್ದರೆ ಸಹಿಗೆ ಮುಂಚೆಯೇ ಸೇರಿಸಲು ಹೇಳಿ. ಸೇರಿದ ಮೇಲೆ ನಿಮ್ಮ ಜೊತೆ ಮಾತಾಡಿದ ರೆಕ್ರೂಟರ್ ಆ ಕಂಪನಿಯಲ್ಲಿ ಇರುತ್ತಾರೆಂಬ ಭರವಸೆಯಿಲ್ಲ.