ಉಪಗುತ್ತಿಗೆ ರದ್ದತಿ ನೋಟಿಸ್

ನೋಂದಾಯಿತ ಅಂಚೆ ಮೂಲಕ
ದಿನಾಂಕ: 18-06-2025

ಇವರಿಗೆ,
ಮಾಲೀಕರು, ವಾಟರ್‌ಪ್ರೂಫಿಂಗ್ ಮತ್ತು ಟೈಲ್ಸ್ ಕಾಮಗಾರಿಯ ಉಪಗುತ್ತಿಗೆದಾರರು

ಮಾನ್ಯರೇ,

ವಿಷಯ: ಸತತ ಕಳಪೆ ಕಾಮಗಾರಿಯ ಕಾರಣ ಉಪಗುತ್ತಿಗೆಯನ್ನು ರದ್ದುಪಡಿಸುವ ಬಗ್ಗೆ.
ಉಲ್ಲೇಖ: ದಿನಾಂಕ 10-11-2024ರ ಉಪಗುತ್ತಿಗೆ ಕರಾರು.

ವಸತಿ ಕಟ್ಟಡದ ‘ಬಿ’ ಬ್ಲಾಕ್‌ನ 4ರಿಂದ 7ನೇ ಮಹಡಿಯವರೆಗಿನ ಸ್ನಾನಗೃಹಗಳ ಕಾಮಗಾರಿಗಾಗಿ ತಮ್ಮೊಂದಿಗೆ ಮಾಡಿಕೊಂಡಿದ್ದ ಮೇಲ್ಕಂಡ ಕರಾರನ್ನು, ಅದರ ಷರತ್ತು 14.3ರ ಅನ್ವಯ, ಈ ನೋಟಿಸ್ ತಮ್ಮ ಕೈಸೇರಿದ ದಿನದಿಂದಲೇ ಜಾರಿಗೆ ಬರುವಂತೆ ರದ್ದುಪಡಿಸಲಾಗಿದೆ.

ದಿನಾಂಕ 12-02-2025ರ ಮೊದಲ ಪತ್ರದಲ್ಲಿ, ನೀರು ನಿಲ್ಲಿಸಿ ಪರೀಕ್ಷೆ ಮಾಡದೆಯೇ ಟೈಲ್ಸ್ ಹಾಕುತ್ತಿರುವುದನ್ನು ತಮ್ಮ ಗಮನಕ್ಕೆ ತರಲಾಗಿತ್ತು. 21-03-2025ರ ಎರಡನೇ ಪತ್ರದಲ್ಲಿ 5ನೇ ಮಹಡಿಯ ಸೋರಿಕೆಯನ್ನು ಫೋಟೊ ಸಮೇತ ತಿಳಿಸಲಾಗಿತ್ತು. ಸರಿಪಡಿಸುವುದಾಗಿ ತಾವು ಲಿಖಿತವಾಗಿ ಒಪ್ಪಿದರೂ, ಸೋರುವ ಜಾಗವನ್ನು ಬಿಚ್ಚಿ ನೋಡದೆ ಮೇಲಿನ ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಿ ಬಿಟ್ಟಿರಿ. ಕೊನೆಗೆ ಷರತ್ತು 14.2ರಂತೆ 26-05-2025ರಂದು ಅಂತಿಮ ಎಚ್ಚರಿಕೆ ನೀಡಿ, ದೋಷಗಳನ್ನು ನಿವಾರಿಸಲು 14 ದಿನಗಳ ಕಾಲಾವಕಾಶ ಕೊಡಲಾಗಿತ್ತು. ಆ ಅವಧಿ 09-06-2025ಕ್ಕೆ ಮುಗಿದಿದೆ.

11-06-2025ರಂದು ತಮ್ಮ ಮೇಲ್ವಿಚಾರಕರ ಸಮ್ಮುಖದಲ್ಲೇ ನಡೆದ ಜಂಟಿ ತಪಾಸಣೆಯಲ್ಲಿ, ಪರೀಕ್ಷಿಸಿದ 12 ಸ್ನಾನಗೃಹಗಳ ಪೈಕಿ 7ರಲ್ಲಿ ನೆಲದ ಜಾಲರಿಯ ಸುತ್ತಲಿಂದ ನೀರು ಇಳಿದು ಕೆಳಗಿನ ಮಹಡಿಯ ಚಾವಣಿ ತೇವಗೊಂಡಿತ್ತು. ಹಲವು ಟೈಲ್ಸ್‌ಗಳನ್ನು ತಟ್ಟಿದಾಗ ಟೊಳ್ಳು ಶಬ್ದ ಬಂದಿದ್ದು, ಒಂದನ್ನು ಎಬ್ಬಿಸಿ ನೋಡಿದಾಗ ಗಾರೆ ಕೇವಲ ನಾಲ್ಕು ಮೂಲೆಗಳಲ್ಲಿ ಮಾತ್ರ ಅಂಟಿತ್ತು. ಈ ವರದಿಗೆ ತಮ್ಮ ಮೇಲ್ವಿಚಾರಕರೂ ಸಹಿ ಹಾಕಿದ್ದಾರೆ. ಆರಂಭದಲ್ಲಿ ತಾವು ಕಳುಹಿಸಿದ್ದ ಮೇಸ್ತ್ರಿಗಳ ಕೆಲಸದ ಬಗ್ಗೆ ನಮಗೆ ಯಾವ ತಕರಾರೂ ಇರಲಿಲ್ಲ. ಅವರನ್ನು ಬೇರೆಡೆಗೆ ಹಾಕಿ, ಅನುಭವವಿಲ್ಲದವರನ್ನು ಇಲ್ಲಿಗೆ ಬಿಟ್ಟ ಬಳಿಕವೇ ಗುಣಮಟ್ಟ ಕುಸಿದಿದೆ ಎಂಬುದನ್ನೂ ದಾಖಲಿಸಬಯಸುತ್ತೇವೆ.

ಆದ್ದರಿಂದ ತಾವು ತಕ್ಷಣ ಕೆಲಸ ನಿಲ್ಲಿಸಿ, ನಮ್ಮಿಂದ ಪಡೆದ ನಕ್ಷೆಗಳು, ಬೀಗದ ಕೈಗಳು ಹಾಗೂ ಉಳಿದ ಸಾಮಗ್ರಿಯನ್ನು 7 ದಿನಗಳೊಳಗೆ ಒಪ್ಪಿಸಿ, ತಮ್ಮ ಸಲಕರಣೆಗಳನ್ನು ತೆರವುಗೊಳಿಸತಕ್ಕದ್ದು. ಆಗಿರುವ ಕೆಲಸದ ಜಂಟಿ ಅಳತೆಯನ್ನು 25-06-2025ರಂದು ಬೆಳಿಗ್ಗೆ 10 ಗಂಟೆಗೆ ಸೈಟಿನಲ್ಲಿ ತೆಗೆಯಲಾಗುವುದು. ತಾವಾಗಲಿ ತಮ್ಮ ಪ್ರತಿನಿಧಿಯಾಗಲಿ ಬಾರದಿದ್ದಲ್ಲಿ ನಮ್ಮ ಎಂಜಿನಿಯರ್ ದಾಖಲಿಸಿದ ಅಳತೆಯೇ ಅಂತಿಮವಾಗಿರುತ್ತದೆ.

ದೋಷ ದುರಸ್ತಿ ಮತ್ತು ಬಾಕಿ ಕಾಮಗಾರಿಯನ್ನು ಷರತ್ತು 14.5ರಂತೆ ಬೇರೆಯವರಿಂದ ಮಾಡಿಸಿ, ತಗಲುವ ಹೆಚ್ಚುವರಿ ವೆಚ್ಚವನ್ನು ತಮ್ಮ ಬಾಕಿ ಬಿಲ್ಲು ಮತ್ತು ಶೇ. 5ರ ತಡೆಹಿಡಿದ ಮೊತ್ತದಿಂದ ಮುರಿದುಕೊಳ್ಳಲಾಗುವುದು; ಸಾಲದಿದ್ದರೆ ಉಳಿಕೆಯನ್ನು ತಾವು ಭರಿಸಬೇಕು. ಲೆಕ್ಕಾಚಾರದ ವಿವರಪಟ್ಟಿಯನ್ನು ದಾಖಲೆಗಳೊಂದಿಗೆ ತಮಗೆ ಕಳುಹಿಸಲಾಗುವುದು. ತಮ್ಮ ಕಾರ್ಮಿಕರ ಈವರೆಗಿನ ಕೂಲಿಯನ್ನು ಪಾವತಿಸುವ ಹೊಣೆ ತಮ್ಮದೇ ಆಗಿದ್ದು, ಪಾವತಿಯ ರಸೀದಿಗಳನ್ನು ಅಳತೆಯ ದಿನ ಹಾಜರುಪಡಿಸತಕ್ಕದ್ದು.

ಕರಾರಿನ ಪ್ರಕಾರ ನಮಗಿರುವ ಇತರ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಈ ನೋಟಿಸ್ ನೀಡಲಾಗಿದೆ.

ತಮ್ಮ ವಿಶ್ವಾಸಿ,
(ಸಹಿ)
ಯೋಜನಾ ವ್ಯವಸ್ಥಾಪಕರು
ಮುಖ್ಯ ಗುತ್ತಿಗೆದಾರರ ಪರವಾಗಿ

ಅಡಕ: ಮೂರು ಎಚ್ಚರಿಕೆ ಪತ್ರಗಳು ಮತ್ತು ಜಂಟಿ ತಪಾಸಣಾ ವರದಿಯ ಪ್ರತಿಗಳು.