ಸೌಲನ ಮಗಳು ಮೀಕಲ

ಓದಿದ ಭಾಗ: 2 ಸಮುವೇಲ 6:16–23

ಕ್ರಿಸ್ತನಲ್ಲಿ ಪ್ರಿಯರೇ, ಈ ಭಾಗದ ಮೇಲೆ ಹೆಚ್ಚಾಗಿ ಕೇಳುವ ಪ್ರಸಂಗ ಒಂದೇ. ದಾವೀದ ಮಂಜೂಷದ ಮುಂದೆ ಮನಸಾರೆ ಕುಣಿದ, ಮೀಕಲ ಅವನನ್ನು ಹೀಗಳೆದಳು, ದೇವರು ಅವಳಿಗೆ ಮಕ್ಕಳನ್ನು ಕೊಡಲಿಲ್ಲ. ಆದ್ದರಿಂದ ಆರಾಧಿಸುವವರನ್ನು ಆಡಿಕೊಳ್ಳಬೇಡಿ. ಇಷ್ಟೇ ಅಲ್ವಾ? ಅವಳನ್ನು ಅಲ್ಲಿಗೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

1 ಸಮುವೇಲ 18ನೇ ಅಧ್ಯಾಯಕ್ಕೆ ತಿರುಗಿಸಿ. ಮೀಕಲ ದಾವೀದನನ್ನು ಪ್ರೀತಿಸಿದಳು ಎಂದು ಅಲ್ಲಿ ಎರಡು ಸಲ ಇದೆ. ಅವನು ಅವಳನ್ನು ಪ್ರೀತಿಸಿದ ಎಂದು ಎಲ್ಲೂ ಇಲ್ಲ. ಮುಂದಿನ ಅಧ್ಯಾಯದಲ್ಲಿ ದಾವೀದನನ್ನು ಕೊಲ್ಲಲು ಅಪ್ಪನ ಆಳುಗಳು ಮನೆ ಕಾಯುತ್ತಿರುವಾಗ ಗಂಡನನ್ನು ಕಿಟಕಿಯಿಂದ ಇಳಿಸಿ ಉಳಿಸಿದವಳು ಅವಳೇ. ಹಾಸಿಗೆಯಲ್ಲಿ ವಿಗ್ರಹ ಮಲಗಿಸಿದಳು, ಅಪ್ಪನಿಗೆ ಸುಳ್ಳೂ ಹೇಳಿದಳು. ಅವಳೇನೂ ಸಂತಳಲ್ಲ.

ಆಮೇಲೆ ಸೌಲ ಅವಳನ್ನು ಪಲ್ಟಿಗೆ ಕೊಟ್ಟುಬಿಟ್ಟ. ಇತ್ತ ಹೆಬ್ರೋನಿನಲ್ಲಿ ದಾವೀದನಿಗೆ 6 ಹೆಂಡತಿಯರಿಂದ 6 ಗಂಡುಮಕ್ಕಳಾದರು. ಸೌಲನ ಸೇನಾಪತಿಯಾಗಿದ್ದ ಅಬ್ನೇರ ಒಪ್ಪಂದಕ್ಕೆ ಬಂದಾಗ ದಾವೀದ ಹಾಕಿದ ಷರತ್ತು, ಮೀಕಲಳನ್ನು ಕರೆತರಬೇಕು ಎಂದು. ಪಲ್ಟಿ ಬಹುರೀಮಿನವರೆಗೂ ಅಳುತ್ತಾ ಅವಳ ಹಿಂದೆ ನಡೆದ. ಅಬ್ನೇರ ಗದರಿದ ಮೇಲೆ ವಾಪಸ್ಸು ಹೋದ. ಮೀಕಲ ಏನೆಂದಳು? ಯಾರೂ ಬರೆದಿಲ್ಲ. ಅವಳನ್ನು ಯಾರೂ ಕೇಳಿದಂತೆಯೂ ಕಾಣುವುದಿಲ್ಲ.

ಇದೆಲ್ಲ ಆದ ಮೇಲೆ ಅವಳು ಆ ಮೆರವಣಿಗೆ ನೋಡಿದಳು. ದಾವೀದನ ಕುಣಿತ ನಾಟಕವಲ್ಲ, ಅವನ ಸಂತೋಷ ನಿಜವಾದದ್ದು. ಅವಳ ಮಾತೂ ಚುಚ್ಚುವ ಮಾತೇ. ಆದರೆ ಅವನ ಉತ್ತರ ಗಮನಿಸಿ. ನಿನ್ನ ತಂದೆಯನ್ನೂ ಅವನ ಮನೆಯವರನ್ನೂ ಬಿಟ್ಟು ಯೆಹೋವನು ನನ್ನನ್ನು ಆರಿಸಿಕೊಂಡ ಎನ್ನುತ್ತಾನೆ. ಅವಳ ಅಪ್ಪ, ಮೂವರು ಅಣ್ಣತಮ್ಮಂದಿರು ಗಿಲ್ಬೋವದಲ್ಲಿ ಸತ್ತಿದ್ದರು. ಆ ಗಾಯಕ್ಕೇ ಅವನು ಕೈ ಹಾಕಿದ.

ಈಗ 23ನೇ ವಚನ. ಸಾಯುವವರೆಗೂ ಅವಳಿಗೆ ಮಕ್ಕಳಾಗಲಿಲ್ಲ. ಯಾಕೆ? ಹನ್ನಳ ವಿಷಯದಲ್ಲಿ ಯೆಹೋವನೇ ಅವಳ ಗರ್ಭ ಮುಚ್ಚಿದ್ದನು ಎಂದು ನೇರವಾಗಿ ಬರೆದಿದೆ. ಇಲ್ಲಿ ಹಾಗಿಲ್ಲ. ದೇವರ ಶಿಕ್ಷೆಯೋ, ದಾವೀದ ಮತ್ತೆ ಅವಳ ಕೋಣೆಗೆ ಹೋಗಲೇ ಇಲ್ಲವೋ, ವಾಕ್ಯ ಹೇಳುವುದಿಲ್ಲ. ಅದು ಹೇಳದ್ದನ್ನು ಸುಮ್ನೆ ನಾವು ಸೇರಿಸುವುದು ಸರಿಯಲ್ಲ. ಮಕ್ಕಳಿಲ್ಲದ ಅಕ್ಕತಂಗಿಯರು ನಮ್ಮ ಮಧ್ಯದಲ್ಲೇ ಕೂತು ಈ ವಚನ ಕೇಳುತ್ತಾರೆ. ನಾವು ಸೇರಿಸಿದ ಶಿಕ್ಷೆ ಅವರ ತಲೆಯ ಮೇಲೂ ಬೀಳುತ್ತದೆ.

ಮೀಕಲ ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ತೀರ್ಪು ಕೊಡುವುದಿಲ್ಲ. ಅವಳ ಕಣ್ಣೀರನ್ನು ಯಾರೂ ಬರೆಯಲಿಲ್ಲ, ದೇವರು ಕಂಡಿದ್ದಾನೆಂದು ಮಾತ್ರ ನಂಬುತ್ತೇನೆ. ಇವತ್ತು ಪ್ರಸಂಗದ ನಂತರದ ಹಾಡು ಬೇಡ. 88ನೇ ಕೀರ್ತನೆಯನ್ನು ಎಲ್ಲರೂ ಕೂಡಿ ಓದೋಣ. ಅದು ಸಮಾಧಾನದ ಮಾತಿಲ್ಲದೆ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ. ದಯಮಾಡಿ ಎದ್ದು ನಿಲ್ಲಿ.